‘ಕ್ಯೂರ್ಡ್’ ಅನ್ನೋ ಒಂದು ಪದ, ತೆಗೆದುಹಾಕಿದ ನಮ್ಮ ತವಾ

ನಾನು ಬೆಳಗಾವಿಯವನು. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಧಾಯರಿಯಲ್ಲಿ ಒಂದು ಚಿಕ್ಕ ಶೆಡ್ ಬಾಡಿಗೆಗೆ ತೆಗೆದುಕೊಂಡು ಬೀಡು ಕಬ್ಬಿಣದ ತವಾ ಮಾರುತ್ತೇನೆ. ತವಾ ಎರಕ ಹೊಯ್ಯುವುದು ಬೆಳಗಾವಿಯ ಫೌಂಡ್ರಿಯಲ್ಲಿ, ಪಳಗಿಸುವುದು ನಮ್ಮ ಶೆಡ್‌ನಲ್ಲಿ. ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ಒಂದು ಆನ್‌ಲೈನ್ ಮಾರುಕಟ್ಟೆಯ ಮೂಲಕ.

ದೀಪಾವಳಿಗೆ ಮೂರು ವಾರ ಇದ್ದಾಗ ಒಂದು ಬೆಳಿಗ್ಗೆ ಮೇಲ್ ಬಂತು. ನಮ್ಮ ಹತ್ತು ಇಂಚಿನ ತವಾದ ಲಿಸ್ಟಿಂಗ್, ಅಂದರೆ ಮಾರಾಟದ ಪುಟ, ತೆಗೆದುಹಾಕಲಾಗಿದೆ, ಕಾರಣ ‘ರೋಗ ಗುಣಪಡಿಸುತ್ತದೆ ಎಂಬ ಕ್ಲೇಮ್’. ಎರಡು ಸಲ ಓದಿದೆ. ದೋಸೆ ತವಾಕ್ಕೂ ರೋಗಕ್ಕೂ ಏನು ಸಂಬಂಧ? ಯಾವ ವಾಕ್ಯ ತಪ್ಪು ಅಂತ ಎಲ್ಲೂ ಬರೆದಿರಲಿಲ್ಲ. ಬರೀ ನಿಯಮದ ಹೆಸರು, ಕೆಳಗೆ ಅಪೀಲ್ ಮಾಡುವ ಬಟನ್.

ಗಾಬರಿಯಲ್ಲಿ ಅರ್ಧ ಗಂಟೆಯೊಳಗೆ ಅಪೀಲ್ ಕಳಿಸಿಬಿಟ್ಟೆ. ಮಾರಾಟಗಾರರ ಗುಂಪಿನಲ್ಲಿ ಓಡಾಡುವ ಒಂದು ಮಾದರಿ ಪತ್ರ ಇತ್ತು. ‘ನಮ್ಮಿಂದ ತಪ್ಪಾಗಿದೆ, ಮೂಲ ಕಾರಣ ಇದು, ಮುಂದೆ ಹೀಗೆ ಆಗದಂತೆ ನೋಡಿಕೊಳ್ಳುತ್ತೇವೆ’ ಅನ್ನುವ ಧಾಟಿಯದು. ಅದನ್ನೇ ಹಾಕಿದೆ. ಸಂಜೆಗೆ ತಿರಸ್ಕಾರ ಬಂತು.

ಆ ಪತ್ರ ನಿಜವಾಗಿ ತಪ್ಪು ಮಾಡಿದವರಿಗೆ ಸರಿ. ಮಾಡದ ತಪ್ಪಿಗೆ ಅದನ್ನು ಬಳಸಿದರೆ, ‘ಹೌದು, ನಾವು ರೋಗದ ಕ್ಲೇಮ್ ಹಾಕಿದ್ದೆವು’ ಅಂತ ನಾವೇ ಬರೆದುಕೊಟ್ಟ ಹಾಗೆ. ಓದುವವರು ಇನ್ನೇನು ಮಾಡುತ್ತಾರೆ? ತಪ್ಪು ಒಪ್ಪಿಕೊಂಡಿದ್ದಾರೆ, ಆದರೆ ಪುಟದಲ್ಲಿ ಏನೂ ಬದಲಾಗಿಲ್ಲ ಅಂತ ಮುಚ್ಚುತ್ತಾರೆ.

ಮಾರನೇ ದಿನ ಶಾಂತವಾಗಿ ಕೂತು, ಮೊದಲು ತಕರಾರಿಗೆ ಕಾರಣವಾದ ಪದ ಯಾವುದು ಅಂತ ಹುಡುಕಿದೆ. ಇಲ್ಲಿ ನನಗೆ ಸಹಾಯ ಮಾಡಿದ್ದು ನಮ್ಮದೇ ಹನ್ನೆರಡು ಇಂಚಿನ ತವಾ. ಅದರ ಲಿಸ್ಟಿಂಗ್‌ಗೆ ಏನೂ ಆಗಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದೆ. ಅಳತೆ, ತೂಕ ಬಿಟ್ಟರೆ ಎಲ್ಲ ಒಂದೇ, ಮೂರನೇ ಸಾಲು ಮಾತ್ರ ಬೇರೆ. ದೊಡ್ಡದರಲ್ಲಿ ‘ಆಯಿಲ್ ಸೀಸನ್ಡ್’ ಅಂತ ಇತ್ತು. ಚಿಕ್ಕದರಲ್ಲಿ ‘ಆಯಿಲ್ ಕ್ಯೂರ್ಡ್, ಮೂರು ಸಲ’ ಅಂತ ಇತ್ತು.

ಕ್ಯೂರ್ ಅಂದರೆ ಇಂಗ್ಲಿಷಿನಲ್ಲಿ ರೋಗ ವಾಸಿ ಮಾಡುವುದೂ ಹೌದು, ಒಂದು ಲೇಪನ ಗಟ್ಟಿಯಾಗುವುದೂ ಹೌದು. ಮನೆ ಕಟ್ಟುವಾಗ ಸ್ಲ್ಯಾಬ್‌ಗೆ ದಿನಾ ನೀರು ಹೊಡೆಯುವುದನ್ನು ನಮ್ಮ ಮೇಸ್ತ್ರಿಗಳು ಕ್ಯೂರಿಂಗ್ ಅಂತಲೇ ಹೇಳುತ್ತಾರಲ್ವಾ? ಅದೇ ಪದ. ತವಾಕ್ಕೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಒಲೆಯಲ್ಲಿ ಸುಮಾರು 230 ಡಿಗ್ರಿಗೆ ಒಂದು ಗಂಟೆ ಕಾಯಿಸುತ್ತೇವೆ. ಎಣ್ಣೆ ಒಣಗಿ ಕಬ್ಬಿಣಕ್ಕೆ ಅಂಟಿ ಕಪ್ಪು ಪದರವಾಗುತ್ತದೆ. ಆರಿಸಿ ಮತ್ತೆ ಸವರುತ್ತೇವೆ, ಹೀಗೆ ಮೂರು ಸಲ. ಊರಲ್ಲಿ ಇದಕ್ಕೇ ಪಳಗಿಸುವುದು ಅನ್ನುವುದು. ಲಿಸ್ಟಿಂಗ್‌ಗಳಲ್ಲಿ ಇಂಥ ಪದ ಹಿಡಿಯುವ ಯಂತ್ರಕ್ಕೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

ಆದರೂ ಆ ತಪಾಸಣೆ ಸುಮ್ನೆ ಇಟ್ಟಿದ್ದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಕೆಲವು ರೋಗಗಳನ್ನು ವಾಸಿ ಮಾಡುತ್ತೇವೆ ಅನ್ನುವ ಜಾಹೀರಾತನ್ನು ನಿಷೇಧಿಸುತ್ತದೆ. ಹಾಗಾಗಿ ನಮ್ಮ ಪುಟದಲ್ಲಿ ಬೇರೆಲ್ಲಾದರೂ ನಿಜವಾಗಿಯೇ ಅಂಥ ಮಾತು ಇದೆಯಾ ಅಂತಲೂ ನೋಡಬೇಕಿತ್ತು. ಶೀರ್ಷಿಕೆ, ವಿವರಣೆ, ಗ್ರಾಹಕರ ಪ್ರಶ್ನೆಗೆ ನಾವು ಕೊಟ್ಟ ಉತ್ತರ, ಯಾರಿಗೂ ಕಾಣದ ಹುಡುಕು ಪದಗಳು, ಎಲ್ಲ ತೆಗೆದು ನೋಡಿದೆ. ‘ಕಬ್ಬಿಣದ ಅಂಶ ಸಿಗುತ್ತದೆ, ರಕ್ತ ಕಡಿಮೆ ಇರುವವರಿಗೆ ಒಳ್ಳೆಯದು’ ಅಂತ ತುಂಬಾ ಜನ ಬರೆಯುತ್ತಾರೆ. ಆ ಒಂದು ಸಾಲು ನಮ್ಮಲ್ಲಿ ಇದ್ದಿದ್ದರೆ ನಾನು ಅಪೀಲ್‌ನಲ್ಲಿ ‘ತಪ್ಪಿಲ್ಲ’ ಅಂತ ಬರೆಯುವ ಹಾಗಿರಲಿಲ್ಲ. ಇರಲಿಲ್ಲ.

ಹೆಂಡತಿ ಪಕ್ಕದಲ್ಲಿ ಕೂತು ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದಳು. “ರೀ, ಇಲ್ಲಿ ನೋಡ್ರಿ, ನಾಕನೇ ಫೋಟೋದಾಗೂ ಅದೇ ಪದ ಐತಿ,” ಅಂದಳು. ಹೌದು, ಡಬ್ಬದ ಮೇಲೆ ಅಚ್ಚಾಗಿದ್ದ ಅಕ್ಷರ. ನಾನು ಬರೀ ಬರಹ ನೋಡುತ್ತಿದ್ದೆ. ಅದು ಉಳಿದಿದ್ದರೆ ಲಿಸ್ಟಿಂಗ್ ಮತ್ತೆ ಬಿದ್ದರೂ ಬೀಳುತ್ತಿತ್ತು.

ಮುಂದಿನ ಪ್ರಶ್ನೆ, ಪದ ಮೊದಲು ಬದಲಿಸಬೇಕೋ, ಅಪೀಲ್ ಮೊದಲು ಮಾಡಬೇಕೋ? ಸುಮ್ಮನೆ ಅಳಿಸಿಬಿಟ್ಟರೆ ಮೊದಲು ಏನಿತ್ತು ಅಂತ ತೋರಿಸಲು ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಅಳಿಸದೇ ಇದ್ದರೆ ಯಂತ್ರ ಮತ್ತೆ ಹಿಡಿಯುತ್ತದೆ. ಅದಕ್ಕೆ ಮೊದಲು ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಆಮೇಲೆ ಸಾಲನ್ನೂ ಫೋಟೋವನ್ನೂ ಬದಲಿಸಿದೆ. ಯಾಕೆ ಬದಲಿಸಿದೆ ಅಂತ ಅಪೀಲ್‌ನಲ್ಲೇ ಹೇಳಿದೆ.

ನಾನು ಕಳಿಸಿದ್ದು ಇಂಗ್ಲಿಷಿನಲ್ಲಿ. ಅದರ ಕನ್ನಡ ಇಷ್ಟು:

“ನಮ್ಮ ಹತ್ತು ಇಂಚಿನ ಬೀಡು ಕಬ್ಬಿಣದ ತವಾದ ಲಿಸ್ಟಿಂಗನ್ನು ರೋಗ ಗುಣಪಡಿಸುವ ಕ್ಲೇಮ್ ಎಂದು ತೆಗೆಯಲಾಗಿದೆ. ಇದಕ್ಕೆ ಕಾರಣವಾಗಿರಬಹುದಾದ ಸಾಲು ‘ಆಯಿಲ್ ಕ್ಯೂರ್ಡ್, ಮೂರು ಸಲ’. ಇಲ್ಲಿ ಕ್ಯೂರ್ಡ್ ಎಂದರೆ ಎಣ್ಣೆಯ ಪದರವನ್ನು ಕಾಯಿಸಿ ಗಟ್ಟಿ ಮಾಡುವುದು. ಪುಟದಲ್ಲಿ ಯಾವ ರೋಗದ ಹೆಸರೂ ಇಲ್ಲ, ದೇಹಕ್ಕೆ ಸಂಬಂಧಿಸಿದ ಮಾತೂ ಇಲ್ಲ. ಹಳೆಯ ಪುಟದ ಚಿತ್ರ, ತವಾ ಪಳಗಿಸುವ ಮೂರು ಫೋಟೋ, ಫೌಂಡ್ರಿ ಬಿಲ್ ಲಗತ್ತಿಸಿದ್ದೇವೆ. ಗೊಂದಲ ಆಗಬಾರದೆಂದು ಆ ಪದವನ್ನು ಸಾಲಿನಲ್ಲೂ ನಾಲ್ಕನೇ ಫೋಟೋದಲ್ಲೂ ‘ಸೀಸನ್ಡ್’ ಎಂದು ಬದಲಿಸಿದ್ದೇವೆ. ದಯವಿಟ್ಟು ಒಬ್ಬರು ಓದಿ ನೋಡಿ ಲಿಸ್ಟಿಂಗ್ ಮರಳಿ ಕೊಡಿ.”

ಅಷ್ಟೇ. ಹಬ್ಬದ ನಷ್ಟ, ಹನ್ನೊಂದು ವರ್ಷದ ದುಡಿಮೆ, ಒಳ್ಳೆಯ ರೇಟಿಂಗ್, ಯಾವುದನ್ನೂ ಬರೆಯಲಿಲ್ಲ. ಬರೆಯಬೇಕು ಅಂತ ಕೈ ತುರಿಸುತ್ತಿತ್ತು ನಿಜ. ಆದರೆ ಓದುವವರು ತೀರ್ಮಾನಿಸಬೇಕಾದದ್ದು ಒಂದೇ, ಆ ಸಾಲು ರೋಗದ ಬಗ್ಗೆ ಇದೆಯೋ ಇಲ್ಲವೋ. ಮೊದಲ ಎರಡು ವಾಕ್ಯದಲ್ಲೇ ಅವರಿಗೆ ಆ ಸಾಲು ಕಾಣಬೇಕು. ಲಗತ್ತುಗಳನ್ನು ಒಂದೇ ಪಿಡಿಎಫ್‌ನಲ್ಲಿ ಹಾಕಿ, ಸಂಶಯದ ಸಾಲಿಗೆ ಕೆಂಪು ಚೌಕ ಹಾಕಿದೆ. ಬಿಲ್ ಬೇಕಿತ್ತು ಅಂತ ಬೆಳಗಾವಿಯ ಫೌಂಡ್ರಿ ಕಾಕಾಗೆ ಫೋನ್ ಮಾಡಿದೆ. “ಪಳಗಿಸಿದ್ದು ಅಂತ ಸೀದಾ ಬರೀಬೇಕಿತ್ತಪ್ಪ,” ಅಂದು ಹತ್ತು ನಿಮಿಷದಲ್ಲಿ ಕಳಿಸಿದರು.

ಇದನ್ನು ಹಳೆಯ ಕೇಸ್ ಸಂಖ್ಯೆಗೇ ಉತ್ತರವಾಗಿ ಕಳಿಸಿದೆ, ಹೊಸ ಕೇಸ್ ತೆರೆಯಲಿಲ್ಲ. ತೆರೆದರೆ ಹಿಂದಿನ ಮಾತು ಗೊತ್ತಿಲ್ಲದ ಇನ್ನೊಬ್ಬರ ಕೈಗೆ ಹೋಗುವ ಸಾಧ್ಯತೆ ಜಾಸ್ತಿ. ಮೊದಲ ಪತ್ರದಲ್ಲಿ ತಪ್ಪೊಪ್ಪಿಕೊಂಡದ್ದನ್ನೂ ಒಂದು ಸಾಲಿನಲ್ಲಿ ಸರಿಪಡಿಸಿದೆ: ‘ಯಾವ ಸಾಲು ಎಂದು ತಿಳಿಯದೆ ಅವಸರದಲ್ಲಿ ಬರೆದದ್ದು, ದಯವಿಟ್ಟು ಇದನ್ನೇ ನಮ್ಮ ಉತ್ತರ ಎಂದು ತೆಗೆದುಕೊಳ್ಳಿ’.

ಕಾಯುವಾಗ ಗೆಳೆಯನೊಬ್ಬ ಅದೇ ತವಾವನ್ನು ಹೊಸ ಹೆಸರಲ್ಲಿ ಹಾಕಿಬಿಡು ಅಂದ. ನಾನು ಹಾಕಲಿಲ್ಲ. ತೆಗೆದ ವಸ್ತುವನ್ನು ಇನ್ನೊಂದು ಪುಟದಲ್ಲಿ ಏರಿಸಿದರೆ ನಿಯಮ ತಪ್ಪಿಸಿಕೊಳ್ಳುವ ಪ್ರಯತ್ನ ಅಂತ ನೋಡುತ್ತಾರೆ. ಆಗ ಅಪಾಯ ಒಂದು ಲಿಸ್ಟಿಂಗಿಗಲ್ಲ, ಇಡೀ ಖಾತೆಗೆ. ಹಳೆಯ ರಿವ್ಯೂಗಳೂ ಹೊಸ ಪುಟಕ್ಕೆ ಬರುವುದಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಲಿಸ್ಟಿಂಗ್ ಮರಳಿ ಬಂತು, ರಿವ್ಯೂಗಳ ಸಮೇತ. ಮೇಲ್ ನೋಡಿ ಖುಷಿಪಟ್ಟು ಸುಮ್ಮನಾಗಲಿಲ್ಲ, ಹೆಂಡತಿಯ ಫೋನಿನಿಂದ ಗ್ರಾಹಕರ ಹಾಗೆ ಹುಡುಕಿ ನೋಡಿದೆ. ಪುಟ ತೆರೆಯುತ್ತಿತ್ತು, ಆದರೆ ಹುಡುಕಿದಾಗ ಸಿಗುತ್ತಿರಲಿಲ್ಲ. ನಿಂತುಹೋಗಿದ್ದ ಜಾಹೀರಾತನ್ನೂ ಮತ್ತೆ ಶುರು ಮಾಡಬೇಕಿತ್ತು. ರಾತ್ರಿ ಹೊತ್ತಿಗೆ ಹುಡುಕಾಟದಲ್ಲೂ ಬಂತು.

ಶೆಡ್‌ನಲ್ಲಿ ಹಳೆಯ ಅಚ್ಚಿನ ಡಬ್ಬಗಳು ಇನ್ನೂ ಅರವತ್ತಿದ್ದವು. ಗ್ರಾಹಕರು ರಿವ್ಯೂಗೆ ಹಾಕುವ ಫೋಟೋದಲ್ಲಿ ಆ ಪದ ಮತ್ತೆ ಕಾಣಬಾರದು ಅಂತ, ಆ ರಾತ್ರಿ ಇಬ್ಬರೂ ಕೂತು ಎಲ್ಲಾ ಡಬ್ಬಕ್ಕೂ ಹೊಸ ಸ್ಟಿಕ್ಕರ್ ಅಂಟಿಸಿದೆವು.