ಮೇಜಿನ ಮೇಲಿನ ಕ್ಯೂಆರ್ ಕೋಡ್‌ನಲ್ಲೇ ಬಿಲ್ ಪಾವತಿ

ಹೋಟೆಲಿನ ಮೇಜಿನ ಮೇಲಿರುವ ಕ್ಯೂಆರ್ ಕೋಡನ್ನು ಯುಪಿಐ ಆ್ಯಪ್‌ನಿಂದಲ್ಲ, ಮೊಬೈಲಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ. ಅನೇಕ ಕಡೆ ಮೆನು ತೆರೆಯುವ ಆ ಕೋಡ್‌ನಲ್ಲೇ ಬಿಲ್ ನೋಡಿ ಹಣ ಕಟ್ಟುವ ಆಯ್ಕೆಯೂ ಇರುತ್ತದೆ, ಮಾಣಿಯನ್ನು ಕರೆಯಬೇಕಾಗಿಲ್ಲ. ಅಂತಹ ಕೋಡ್‌ನೊಳಗೆ ಇರುವುದು ಒಂದು ವೆಬ್ ವಿಳಾಸ ಮತ್ತು ನಿಮ್ಮ ಮೇಜಿನ ಸಂಖ್ಯೆ. ಆದ್ದರಿಂದ 7ನೇ ಮೇಜಿನಲ್ಲಿ ಒಟ್ಟು 200 ರೂಪಾಯಿಯ ಎರಡು ಮಸಾಲೆ ದೋಸೆ, 40 ರೂಪಾಯಿಯ ಕಾಫಿ ತೆಗೆದುಕೊಂಡಿದ್ದರೆ, ಶೇ 5ರ ಜಿಎಸ್‌ಟಿ ಸೇರಿ 252 ರೂಪಾಯಿ ತಾನಾಗಿಯೇ ಪರದೆಯಲ್ಲಿ ಕಾಣುತ್ತದೆ. ಹಣ ಕಟ್ಟಿದೊಡನೆ ಗಲ್ಲಾದ ಪರದೆಯಲ್ಲೂ 7ನೇ ಮೇಜಿನ ಬಿಲ್ ತೀರುತ್ತದೆ. ಸ್ಕ್ಯಾನ್ ಮಾಡಿದಾಗ ಬರೀ ಹೋಟೆಲಿನ ಹೆಸರು ಬಂದು, ಮೊತ್ತವನ್ನು ನೀವೇ ಬರೆಯಬೇಕಾಗಿ ಬಂದರೆ ಅದು ಸಾಮಾನ್ಯ ಯುಪಿಐ ಕೋಡ್. ಯಾವ ಮೇಜಿನ ಹಣವೆಂದು ಗಲ್ಲಾದವರಿಗೆ ತಿಳಿಯುವುದಿಲ್ಲ. ಆಗ ಟಿಪ್ಪಣಿಯ ಜಾಗದಲ್ಲಿ ‘ಮೇಜು 7’ ಎಂದು ಬರೆದು, ಹೊರಡುವಾಗ ರಸೀದಿ ತೋರಿಸಿ. ಕೊನೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ ಕಾಫಿಯನ್ನು ಮಾಣಿ ಇನ್ನೂ ಕಂಪ್ಯೂಟರಿಗೆ ಸೇರಿಸದಿದ್ದರೆ ಬಿಲ್ ಕಡಿಮೆ ತೋರಿಸುತ್ತದೆ. ಪಟ್ಟಿಯನ್ನು ಒಮ್ಮೆ ಓದಿ, ಕಾಫಿ ಅದರಲ್ಲಿ ಬಂದ ಮೇಲೆಯೇ ಕಟ್ಟಿ. ಇಲ್ಲದಿದ್ದರೆ ಎರಡನೇ ಬಿಲ್ ತೆರೆಯುತ್ತದೆ, ಪಾಪ, ಆ ಹುಡುಗನಿಗೂ ಗೊಂದಲ.