ಬಾಸುಂಡೆಗೂ ಗಡಿಯಾರವಿದೆ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಡಾಕ್ಟರ್. ರಾತ್ರಿ ಪಾಳಿಯಲ್ಲಿ ಹಾವು ಕಚ್ಚಿದವರು, ಬೈಕಿನಿಂದ ಬಿದ್ದವರ ನಡುವೆ ಪೊಲೀಸರೂ ಬರುತ್ತಾರೆ, ಜೊತೆಯಲ್ಲಿ ಒಬ್ಬ ಬಂಧಿತ, ಕೈಯಲ್ಲಿ ಒಂದು ಮೆಮೊ. 'ಸಾರ್, ಬೆಳಿಗ್ಗೆ ಕೋರ್ಟಿಗೆ ಹಾಕ್ಬೇಕು, ಒಂದು ಫಿಟ್ ಅಂತ ಬರ್ಕೊಟ್ಬಿಡಿ' ಅನ್ನುತ್ತಾರೆ ದಫೇದಾರರು. ಮೊದಲ ನಾಲ್ಕು ವರ್ಷ ನಾನೂ ಬರೆದುಕೊಟ್ಟೆ. ಬಿ.ಪಿ. ನೋಡಿ, ನಾಡಿ ಹಿಡಿದು, 'ಹೊರಗೆ ಕಾಣುವ ಗಾಯಗಳಿಲ್ಲ' ಎಂದು ಸಹಿ. ಆತ ಅಂಗಿಯ ಗುಂಡಿ ಕೂಡ ಬಿಚ್ಚಿರುತ್ತಿರಲಿಲ್ಲ. ಎರಡು ನಿಮಿಷದ ಕೆಲಸ. ಬಟ್ಟೆಯೊಳಗಿನ ಗಾಯವನ್ನು 'ಹೊರಗೆ ಕಾಣುವುದಿಲ್ಲ' ಎನ್ನುವುದು ಸುಳ್ಳೂ ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಅದನ್ನು ಬಿಡಿಸಿದ್ದು ಆಲೆಮನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ. ಇಪ್ಪತ್ತನಾಲ್ಕರ ಪ್ರಾಯ, ಪಂಪ್‌ಸೆಟ್ ಮೋಟರ್ ಕದ್ದ ಆರೋಪ. ಮೊದಲ ಸಲದ ಇಂಥ ಕಳ್ಳತನಕ್ಕೆ ಹೆಚ್ಚೆಂದರೆ ಮೂರು ವರ್ಷ ಶಿಕ್ಷೆ. ಇಂಥದ್ದಕ್ಕೆ ನೋಟಿಸ್ ಕೊಟ್ಟು ಠಾಣೆಗೆ ಕರೆಸಿದರೂ ಸಾಕು, ಬಂಧಿಸಲೇಬೇಕು ಅಂತಿಲ್ಲ, ಬಂಧಿಸಿದರೆ ಯಾಕೆ ಅಂತ ಕಾರಣ ಬರೆಯಬೇಕು. ಆದರೆ ಮಾಲು ಸಿಗಬೇಕು, ಮೋಟರ್ ಕಳೆದುಕೊಂಡ ರೈತರು ದಿನಾ ಠಾಣೆ ಮುಂದೆ ನಿಂತಿರುತ್ತಾರೆ. ಆ ಒತ್ತಡ ನನಗೂ ಅರ್ಥವಾಗುತ್ತೆ. ಅರೆಸ್ಟ್ ಮೆಮೊದಲ್ಲಿ ಬಂಧನದ ಸಮಯ ಸಂಜೆ 6.30. ನನ್ನ ಮುಂದೆ ಅವನನ್ನು ನಿಲ್ಲಿಸಿದ್ದು ರಾತ್ರಿ 9.50ಕ್ಕೆ.

ಅವನು ಕೂರಲಿಲ್ಲ. ಸ್ಟೂಲ್ ತೋರಿಸಿದರೆ 'ಬ್ಯಾಡ ಸಾ, ನಿಂತ್ಕತೀನಿ' ಅಂದ. ಒಳಗೆ ಬರುವಾಗ ಪಾದದ ಅಂಚಿನ ಮೇಲೆ ಹೆಜ್ಜೆ ಇಟ್ಟು ಬಂದಿದ್ದ, ಬಿಸಿ ಮರಳ ಮೇಲೆ ನಡೆಯುವವರ ಹಾಗೆ. ಅಂಗಾಲಿನ ಚರ್ಮ ದಪ್ಪ, ಅಲ್ಲಿ ಹೊಡೆದರೆ ಗುರುತು ಸರಿಯಾಗಿ ಮೂಡುವುದಿಲ್ಲ. ನಡಿಗೆ ಮಾತ್ರ ಹೇಳಿಬಿಡುತ್ತದೆ. ಸಿಬ್ಬಂದಿಗೆ ಹೊರಗೆ ಹೋಗಿ ಅಂದೆ. 'ಓಡೋದ್ರೆ ನನ್ ತಲೆಗೆ ಬರತ್ತೆ ಸಾರ್' ಅಂದರು ದಫೇದಾರರು. ಅವರ ಮಾತೂ ನಿಜ. ಕಿಟಕಿಯ ಗಾಜಿನಾಚೆ ನಿಲ್ಲಿ, ನಿಮಗೆ ಅವನು ಕಾಣಬೇಕು, ಅವನ ಮಾತು ಕೇಳಬಾರದು ಅಂದೆ. ಕೋಳ ಬಿಚ್ಚಿಸಿ, ಬಾಗಿಲು ಹಾಕಿದೆ. ಈಗಲೂ ಹಾಗೇ ಮಾಡುತ್ತೇನೆ.

'ಏನಾಯ್ತಪ್ಪ?' ಅಂದರೆ 'ಗದ್ದೆ ಬದುಲಿ ಜಾರ್ಬಿದ್ದೆ ಸಾ' ಅಂದ. ಅದನ್ನೇ ಅವನ ಮಾತಿನಲ್ಲೇ ಬರೆದುಕೊಂಡೆ. ಆಮೇಲೆ ಪ್ಯಾಂಟ್ ಇಳಿಸಲು ಹೇಳಿದೆ.

ಎಡತೊಡೆಯ ಹೊರಮಗ್ಗುಲಲ್ಲಿ ಎರಡು ಕೆಂಪು ಗೆರೆ, ಒಂದಕ್ಕೊಂದು ಸಮಾನಾಂತರ. ಉದ್ದ 14 ಸೆಂ.ಮೀ. ನಡುವೆ 2 ಸೆಂ.ಮೀ. ಅಗಲದ ಜಾಗದಲ್ಲಿ ಚರ್ಮ ಮಾಮೂಲಾಗೇ ಇದೆ. ದುಂಡನೆಯ ಕೋಲು ಬಲವಾಗಿ ಬಿದ್ದಾಗ ಅದರ ಅಡಿಗೆ ಸಿಕ್ಕ ರಕ್ತ ಎರಡೂ ಪಕ್ಕಕ್ಕೆ ತಳ್ಳಿಹೋಗಿ ಅಲ್ಲಿನ ಸಣ್ಣ ನಾಳಗಳು ಒಡೆಯುತ್ತವೆ. ಹಾಗಾಗಿ ಒಂದು ಏಟಿಗೆ ಎರಡು ಗೆರೆ. ಬದುವಿನಿಂದ ಜಾರಿ ಬಿದ್ದವರಿಗೆ ಮೊಣಕಾಲು, ಮೊಣಕೈ, ಅಂಗೈ ತರಚುತ್ತದೆ. ಇವನಿಗೆ ಆ ಮೂರೂ ಕಡೆ ಒಂದು ಗೀರೂ ಇರಲಿಲ್ಲ.

ಬಲತೊಡೆಯದ್ದು ಬೇರೆ ಕತೆ. ಅಲ್ಲೂ ಇಂಥದ್ದೇ ಜೋಡಿ ಗೆರೆ, ಆದರೆ ಬಣ್ಣ ನೀಲಿಗಪ್ಪು, ಅಂಚಿಗೆ ಹಳದಿ. ಬಾಸುಂಡೆಯ ಬಣ್ಣ ನೋಡಿ 'ಇದು ಇಷ್ಟೇ ದಿನದ್ದು' ಅಂತ ಹೇಳಲಾಗದು. ಪಠ್ಯಪುಸ್ತಕದ ಪಟ್ಟಿಯನ್ನು ಚರ್ಮ ಓದಿಕೊಂಡಿರುವುದಿಲ್ಲ. ಒಂದು ಮಾತು ಮಾತ್ರ ತಕ್ಕಮಟ್ಟಿಗೆ ನಂಬಬಹುದು: ಏಟು ಬಿದ್ದ ಸುಮಾರು 18 ಗಂಟೆಯೊಳಗೆ ಹಳದಿ ಬರುವುದಿಲ್ಲ. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಅದು ಕಾಣದೆಯೂ ಹೋಗಬಹುದು, ಆದ್ದರಿಂದ ಹಳದಿ ಇಲ್ಲ ಅಂದಮಾತ್ರಕ್ಕೆ ಹೊಸ ಗಾಯ ಅನ್ನುವಂತಿಲ್ಲ. ಕಂಡರೆ ಮಾತ್ರ ಅದಕ್ಕೆ ಅರ್ಥವಿದೆ. ಟ್ಯೂಬ್‌ಲೈಟ್ ಸಾಲದೆ ಟಾರ್ಚ್ ಹಿಡಿದು ಎರಡು ಸಲ ನೋಡಿದೆ. ಹಳದಿಯೇ.

ರಾತ್ರಿ 9.50ರಿಂದ 18 ಗಂಟೆ ಹಿಂದಕ್ಕೆ ಎಣಿಸಿದರೆ ಬೆಳಗಿನ ಜಾವ ನಾಲ್ಕು. ಕಾಗದದ ಪ್ರಕಾರ ಆಗ ಅವನು ಯಾರ ವಶದಲ್ಲೂ ಇಲ್ಲ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎನ್ನುವ ಲೆಕ್ಕ ಶುರುವಾಗುವುದೇ ಮೆಮೊದಲ್ಲಿ ಬರೆದ ಹೊತ್ತಿನಿಂದ. ಹೊಡೆತ ಬೀಳುವುದು ಹೆಚ್ಚಾಗಿ ಅದಕ್ಕೂ ಮೊದಲಿನ, ಎಲ್ಲೂ ಬರೆಯದ ಹೊತ್ತಿನಲ್ಲಿ.

ಬಾಗಿಲು ತೆಗೆದಾಗ ದಫೇದಾರರು 'ಊರವ್ರು ಹಿಡ್ದು ಬಾರಿಸ್ಬುಟ್ಟಿದ್ರು ಸಾರ್, ನಾವೇ ಬಿಡಿಸ್ಕೊಂಡ್ ಬಂದ್ವಿ' ಅಂದರು. ಇರಬಹುದು, ಅಂಥದ್ದೂ ನಡೆಯುತ್ತದೆ. ಆದರೆ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದ ಹಾಗೆ, ಬಂಧಿತ ಕೇಳಿಕೊಂಡರೆ ಬಂಧಿಸುವಾಗಲೇ ಅವನ ಮೈಮೇಲಿನ ಗಾಯಗಳನ್ನು ಪಟ್ಟಿಮಾಡಿ ಅವನೂ ಬಂಧಿಸಿದ ಅಧಿಕಾರಿಯೂ ಸಹಿ ಹಾಕಬೇಕು. ಇವರ ಕಾಗದದಲ್ಲಿ ಆ ಜಾಗದಲ್ಲಿ 'ಇಲ್ಲ' ಎಂದಿತ್ತು, ಕೆಳಗೆ ಹುಡುಗನ ಹೆಬ್ಬೆಟ್ಟು. ಊರವರು ಹೊಡೆದಿದ್ದರೆ 6.30ಕ್ಕೆ ಗಾಯ ಇರಲೇಬೇಕಿತ್ತು.

ನಾನು ಯಾರು ಹೊಡೆದರು ಅಂತ ಬರೆಯಲಿಲ್ಲ. ಅದು ನನಗೆ ಗೊತ್ತಿಲ್ಲ, ಬರೆದಿದ್ದರೆ ಅಡ್ಡಸವಾಲಿನಲ್ಲಿ ಇಡೀ ವರದಿ ಬಿದ್ದುಹೋಗುತ್ತಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮು ವೈದ್ಯರಿಂದ ಕೇಳುವುದು ಗಾಯ ಯಾವುದು, ಹೆಚ್ಚುಕಡಿಮೆ ಯಾವಾಗಿನದು, ಇಷ್ಟೇ. ಮೈಯ ನಕ್ಷೆಯ ಮೇಲೆ ಗುರುತು ಹಾಕಿ, ಅಳತೆ ಕೊಟ್ಟು, 'ಬಲತೊಡೆಯ ಗಾಯ ತಪಾಸಣೆಗೆ 18 ಗಂಟೆಗೂ ಹಿಂದಿನದು; ದುಂಡನೆಯ ಮೊಂಡು ವಸ್ತುವಿನ ಹೊಡೆತಕ್ಕೆ ಹೊಂದುತ್ತದೆ; ಬಂಧಿತ ಹೇಳಿದ ಕಾರಣಕ್ಕೆ ಹೊಂದುವುದಿಲ್ಲ' ಅಂತ ಬರೆದೆ. ಇನ್ನೊಮ್ಮೆ ಪರೀಕ್ಷಿಸಬೇಕು ಅನ್ನಿಸಿದರೆ ಅದನ್ನೂ ವೈದ್ಯರು ಮಾಡಬಹುದು ಎಂದು ಅದೇ ಕಲಮು ಹೇಳುತ್ತದೆ. ಒಳಮಾಂಸದ ರಕ್ತ ಮೇಲೆ ಬಂದು ಕಾಣಲು ಒಂದೆರಡು ದಿನ ಬೇಕು. ಹಾಗಾಗಿ ಮರುದಿನ ಮತ್ತೆ ಕರೆತನ್ನಿ ಎಂದೂ ಸೇರಿಸಿದೆ.

ಇಲ್ಲೇ ನಾನು ಒಂದು ತಪ್ಪು ಮಾಡಿದ್ದು. ಮೂತ್ರದ ಬಣ್ಣ ಕೇಳಲಿಲ್ಲ.

ಮರುದಿನ ಮ್ಯಾಜಿಸ್ಟ್ರೇಟ್ ವರದಿ ಓದಿ, ಮತ್ತೆ ತೋರಿಸಿಕೊಂಡೇ ಜೈಲಿಗೆ ಒಯ್ಯಿರಿ ಎಂದರಂತೆ. ಸಂಜೆ ಬಂದ. ಹಿಂದಿನ ರಾತ್ರಿ ಮುಟ್ಟಿದರೆ ನೋವು ಎನ್ನುತ್ತಿದ್ದ, ನೋಡಲು ಏನೂ ಇರದಿದ್ದ ಪೃಷ್ಠಗಳೆರಡೂ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಬಾಟಲಿಯಲ್ಲಿ ಹಿಡಿದುಕೊಟ್ಟ ಮೂತ್ರ ಬೆಲ್ಲದ ಕಾಫಿಯ ಹಾಗಿತ್ತು. ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದರೆ ರಕ್ತ ಇದೆ ಎನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣವೇ ಇಲ್ಲ. ಅಂದರೆ ಜಜ್ಜಿದ ಸ್ನಾಯು ಕರಗಿ ಅದರ ಬಣ್ಣ ಮೂತ್ರಕ್ಕೆ ಇಳಿಯುತ್ತಿದೆ. ಮೂಳೆ ಮುರಿಯದೆ, ತಲೆಗೆ ಪೆಟ್ಟಾಗದೆ ಕಸ್ಟಡಿಯಲ್ಲಿ ಜನ ಸಾಯುವ ಒಂದು ದಾರಿ ಇದು, ಮೂತ್ರಪಿಂಡ ಕೈಕೊಡುತ್ತದೆ. ಸಲೈನ್ ಏರಿಸಿ ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸಿದೆ. ಡಯಾಲಿಸಿಸ್ ಇಲ್ಲದೆ ಉಳಿದುಕೊಂಡ. ಹಿಂದಿನ ರಾತ್ರಿಯೇ ಕೇಳಿದ್ದರೆ ಒಂದು ಇಡೀ ದಿನ ಮುಂಚೆ ಸಲೈನ್ ಸಿಗುತ್ತಿತ್ತು.

ಅವನ ವಕೀಲರು ಠಾಣೆಯ ಸಿ.ಸಿ. ಟಿ.ವಿ. ದೃಶ್ಯ ಕೇಳಿದರು. 2020ರಲ್ಲಿ ಸುಪ್ರೀಂ ಕೋರ್ಟ್ ಠಾಣೆಯ ಬಾಗಿಲು, ಲಾಕಪ್, ಮೊಗಸಾಲೆ ಎಲ್ಲ ಕಡೆ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಇಟ್ಟಿರಬೇಕು ಎಂದಿದೆ. ಆ ರಾತ್ರಿಯದ್ದು ಮಾತ್ರ ಸಿಗುತ್ತಿಲ್ಲ ಎಂಬ ಉತ್ತರ ಬಂತು. ಹೀಗಾಗಿ ಕೋರ್ಟಿನಲ್ಲಿ ಉಳಿದದ್ದು ನನ್ನ ಎರಡು ಹಾಳೆ. ಸಾಕ್ಷಿಗೆ ಹೋದಾಗ ಪೊಲೀಸರ ಪರ ವಕೀಲರು ಕೇಳಿದರು, 'ಬಣ್ಣ ನೋಡಿ ಗಾಯದ ವಯಸ್ಸು ಖಚಿತವಾಗಿ ಹೇಳಬಹುದೇ ಡಾಕ್ಟರೇ?' ಇಲ್ಲ ಅಂದೆ. 'ಹಾಗಾದರೆ ಬಂಧನ ಆದಮೇಲೆ, ಆ ಮೂರೂಕಾಲು ಗಂಟೆಯಲ್ಲಿ ಆದ ಗಾಯವೂ ಇರಬಹುದಲ್ಲ?' ಬಲತೊಡೆಯದ್ದು ಸಾಧ್ಯವಿಲ್ಲ, ಎಡತೊಡೆಯದ್ದು ಇರಬಹುದು ಅಂದೆ. ಅವರು ಕೂತುಬಿಟ್ಟರು. ಎಡತೊಡೆಯ ಗಾಯ ಬಂಧನದ ನಂತರದ್ದು ಅಂತಾದರೆ ಹುಡುಗ ಆಗ ಎಲ್ಲಿದ್ದ ಎನ್ನುವುದು ಅವರಿಗೂ ಹೊಳೆದಿರಬೇಕು.

ಪ್ರಕರಣ ಇನ್ನೂ ಮುಗಿದಿಲ್ಲ. ವರದಿಯ ಒಂದು ಪ್ರತಿ ಬಂಧಿತನಿಗೋ ಅವನು ಹೇಳಿದವರಿಗೋ ಸೇರಬೇಕು ಎಂದು ಕಾನೂನೇ ಹೇಳುತ್ತದೆ. ಮೊದಲೆಲ್ಲ ಎರಡನ್ನೂ ಪೊಲೀಸರ ಕೈಗೇ ಕೊಡುತ್ತಿದ್ದೆ. ಈಗ ಕಾರ್ಬನ್ ಇಟ್ಟು ಮೂರು ಪ್ರತಿ ಬರೆಯುತ್ತೇನೆ, ಒಂದು ಠಾಣೆಗೆ, ಒಂದು ನಮ್ಮ ರಿಜಿಸ್ಟರಿಗೆ. ಮೂರನೆಯದನ್ನು ಅವತ್ತು ಆಸ್ಪತ್ರೆಯ ಗೇಟಿನ ಹತ್ತಿರ ಕೂತಿದ್ದ ಹುಡುಗನ ತಾಯಿಯ ಕೈಗೆ ಕೊಟ್ಟು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡೆ. 'ಇದ್ನ ಯಾರ್ಗೆ ತೋರುಸ್ಲಿ ಸಾ?' ಅಂದರು. ವಕೀಲರಿಗೆ ತೋರಿಸಿ, ಆದರೆ ಕೈಗೆ ಕೊಡುವ ಮುಂಚೆ ಜೆರಾಕ್ಸ್ ಮಾಡಿಸಿಕೊಳ್ಳಿ ತಾಯಿ ಅಂದೆ.