ಕಿಸೆಯಿಂದ ತೆಗೆಯದೆಯೇ ತಿಳಿಯಲಿ, ಕರೆದವರು ಯಾರೆಂದು

ತೊಗರಿ ಆವಕದ ದಿನಗಳಲ್ಲಿ ಕಲಬುರಗಿಯ ನೆಹರೂ ಗಂಜಿನ ಅಂಗಡಿಯವರ ಕೈ ತಕ್ಕಡಿಯ ಮೇಲೋ ಚೀಲದ ಬಾಯಲ್ಲೋ ಇರುತ್ತದೆ. ಫೋನು ಬಾರಿಸಿದಾಗಲೆಲ್ಲ ತೆಗೆದು ನೋಡುವ ಪುರಸೊತ್ತು ಯಾರಿಗೂ ಇರುವುದಿಲ್ಲ. ನನಗೆ ಪರಿಚಯದ ಅಡತಿ ಅಂಗಡಿಯವರೊಬ್ಬರು ಮನೆಯ ಕರೆಗೆ ಬೇರೆ ರಿಂಗ್‌ಟೋನ್ ಇಡಲು ಎರಡು ದಿನ ಹೆಣಗಾಡಿ, ‘ಇದ್ರಾಗ ರಿಂಗ್‌ಟೋನ್ ಅಂಬೋದೇ ಇಲ್ರೀ ಸರ್’ ಎಂದು ಫೋನನ್ನು ನನ್ನ ಕೈಗಿಟ್ಟರು. ಆಯ್ಕೆ ಇತ್ತು; ಮನೆಯವರ ನಂಬರು ಮಾತ್ರ ಸಿಮ್ ಕಾರ್ಡಿನಲ್ಲಿತ್ತು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಸಿಮ್ ಕಾರ್ಡಿನಲ್ಲಿ ಹೆಸರು ಮತ್ತು ನಂಬರಿಗೆ ಜಾಗವಿದೆಯೇ ಹೊರತು ರಿಂಗ್‌ಟೋನ್ ಯಾವುದೆಂಬ ಗುರುತಿಗೆ ಜಾಗವಿಲ್ಲ. ಆದ್ದರಿಂದ ಮೊದಲು ಕಾಂಟ್ಯಾಕ್ಟ್ಸ್ ಆ್ಯಪ್ ತೆರೆದು, ನಿಮಗೆ ಬೇಕಾದ ಹೆಸರು ಎಲ್ಲಿ ಉಳಿದಿದೆ ಎಂಬುದನ್ನು ನೋಡಿಕೊಳ್ಳಿ. ಸಿಮ್‌ನಲ್ಲಿದ್ದರೆ ಅದನ್ನು ಫೋನಿಗೋ ಗೂಗಲ್ ಖಾತೆಗೋ ತಂದುಕೊಳ್ಳಬೇಕು. ಗೂಗಲ್‌ನ ಆ್ಯಪ್‌ನಲ್ಲಿ ‘Organize’ ಒಳಗೆ ಸಿಮ್‌ನಿಂದ ತರುವ ದಾರಿಯಿದೆ. ನಾಲ್ಕೇ ಹೆಸರುಗಳಿದ್ದರೆ ಹೊಸದಾಗಿ ಬರೆದುಕೊಳ್ಳುವುದೇ ಬೇಗ ಆಗುವ ಕೆಲಸ. ತಂದ ಮೇಲೆ ಸಿಮ್‌ನಲ್ಲಿರುವ ಹಳೆಯ ಪ್ರತಿಯನ್ನು ಅಳಿಸಿಹಾಕಿ. ಒಂದೇ ನಂಬರು ಎರಡು ಹೆಸರಿನಲ್ಲಿ ಉಳಿದರೆ, ಕರೆ ಬಂದಾಗ ಫೋನು ಹಳೆಯ ಹೆಸರನ್ನೇ ಹಿಡಿದು ಎಂದಿನ ರಿಂಗನ್ನೇ ಬಾರಿಸಬಹುದು. ಆ ಅಂಗಡಿಯವರ ಫೋನಿನಲ್ಲಿ ‘ಮನಿ’ ಎಂದೊಂದು, ‘ಮನಿ 2’ ಎಂದೊಂದು ಇದ್ದವು. ನಂಬರು ಒಂದೇ ಆಗಿತ್ತು.

ಮುಂದಿನದು ಅರ್ಧ ನಿಮಿಷದ ಕೆಲಸ. ಆಂಡ್ರಾಯ್ಡ್ ಫೋನಿನಲ್ಲಿ ಆ ಹೆಸರನ್ನು ತೆರೆದು, ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ, ‘Set ringtone’ ಆರಿಸಿ. ಕೆಲವು ಫೋನುಗಳಲ್ಲಿ ಇದು ‘Edit’ ಒತ್ತಿದ ಮೇಲೆ ಕೆಳಗಡೆ ಸಿಗುತ್ತದೆ.

ಯಾವ ಧ್ವನಿ ಇಡಬೇಕೆಂಬುದರಲ್ಲಿ ಮಾತ್ರ ಅವಸರ ಬೇಡ. ಹಾಡೊಂದನ್ನು ಇಡೀ ಇಟ್ಟರೆ ಮೊದಲ ಹತ್ತು ಸೆಕೆಂಡು ಬರೀ ಪೀಠಿಕೆಯ ವಾದ್ಯವೇ ನುಡಿಯುತ್ತದೆ, ಗಂಜಿನ ಗದ್ದಲದಲ್ಲಿ ಅದು ಕೇಳಿಸುವಷ್ಟರಲ್ಲಿ ಕರೆ ಕಟ್ಟಾಗಿರುತ್ತದೆ. ಮೊದಲ ಎರಡು ಸೆಕೆಂಡಿನಲ್ಲೇ ಗುರುತು ಸಿಗುವ ಧ್ವನಿ ಬೇಕು. ಇದಕ್ಕೆಂದು ರಿಂಗ್‌ಟೋನ್ ತಯಾರಿಸುವ ಆ್ಯಪ್‌ಗಳನ್ನು ಇಳಿಸಿಕೊಳ್ಳಬೇಡಿ; ಹಲವು ಜಾಹೀರಾತುಗಳಿಂದ ತುಂಬಿರುತ್ತವೆ, ಕೆಲವು ನಿಮ್ಮ ಕಾಂಟ್ಯಾಕ್ಟ್‌ಗಳನ್ನು ನೋಡಲೂ ಅನುಮತಿ ಕೇಳುತ್ತವೆ. ಫೋನಿನಲ್ಲೇ ಇರುವ ರೆಕಾರ್ಡರ್ ಸಾಕು. ಆ ಅಂಗಡಿಯವರು ಮಗಳ ಧ್ವನಿಯಲ್ಲಿ ‘ಅಪ್ಪಾ, ಮನಿಯಿಂದ ಫೋನು’ ಎಂದು ಐದು ಸೆಕೆಂಡು ರೆಕಾರ್ಡ್ ಮಾಡಿಸಿಕೊಂಡರು. ಸಾಲ ಕೊಟ್ಟವರ ನಂಬರಿಗೆ ಮಾತ್ರ ಮಾತಿನ ರಿಂಗ್ ಬೇಡ, ಬರೀ ಗಂಟೆಯ ಸದ್ದು ಇರಲಿ. ಎದುರಿಗೆ ಕುಳಿತ ಗಿರಾಕಿಗೆ ಅದೆಲ್ಲ ಗೊತ್ತಾಗಬೇಕಿಲ್ಲ.

ಆ ಕಡತವನ್ನು ಫೈಲ್ ಆ್ಯಪ್‌ನಿಂದ ‘Ringtones’ ಫೋಲ್ಡರಿಗೆ ಹಾಕಿಕೊಳ್ಳಿ. ಫೋನು ಧ್ವನಿಯ ಇನ್ನೊಂದು ನಕಲನ್ನು ಇಟ್ಟುಕೊಳ್ಳುವುದಿಲ್ಲ, ಅದು ಇರುವ ಜಾಗವನ್ನಷ್ಟೇ ನೆನಪಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆಡಿಯೊವನ್ನು ಅಲ್ಲಿಂದಲೇ ಆರಿಸಿಟ್ಟು, ತಿಂಗಳ ನಂತರ ಜಾಗ ಖಾಲಿ ಮಾಡಲು ಅದನ್ನು ಅಳಿಸಿದರೆ ಸುದ್ದಿಯಿಲ್ಲದೆ ಹಳೆಯ ರಿಂಗ್ ಮರಳುತ್ತದೆ. ಹೊಸ ಫೋನು ಕೊಂಡಾಗಲೂ ಗೂಗಲ್ ಖಾತೆಯಿಂದ ಹೆಸರುಗಳು ಬರುತ್ತವೆ, ಅವುಗಳ ರಿಂಗ್ ಬರುವುದಿಲ್ಲ, ಮತ್ತೆ ಇಡಬೇಕು.

ಇನ್ನು ಕಂಪನ. ಐಫೋನಿನಲ್ಲಿ ಪ್ರತಿ ಹೆಸರಿಗೂ ಬೇರೆ ಕಂಪನ ಇಡಬಹುದು: ‘Edit’, ನಂತರ ‘Ringtone’, ಅದರೊಳಗೆ ‘Haptics’ ತೆರೆಯಿರಿ, ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ‘Vibration’. ಅಲ್ಲಿ ಹೊಸದನ್ನು ರಚಿಸುವ ಆಯ್ಕೆ ಒತ್ತಿದರೆ ಖಾಲಿ ಪರದೆ ಬರುತ್ತದೆ. ಬೆರಳು ತಟ್ಟಿದರೆ ಗಿಡ್ಡ ಕಂಪನ, ಒತ್ತಿ ಹಿಡಿದರೆ ಉದ್ದನೆಯದು. ತಬಲಾ ಬಾರಿಸುವಂತೆ ಹತ್ತು ಪೆಟ್ಟು ತಟ್ಟುವವರನ್ನು ಕಂಡಿದ್ದೇನೆ. ಅಂಗಿಯ ಮೇಲಿಂದ ಅದು ಬರೀ ಗುರುಗುಟ್ಟುವಿಕೆಯಾಗಿ ತಿಳಿಯುತ್ತದೆ. ಮನೆಗೆ ಒಂದು ಉದ್ದ, ಅಂಗಡಿಗೆ ಎರಡು ಗಿಡ್ಡ, ನಡುವೆ ಸ್ಪಷ್ಟವಾದ ಬಿಡುವು; ಅಷ್ಟು ಸಾಕು. ಮೂರಕ್ಕಿಂತ ಹೆಚ್ಚು ನಮೂನೆಗಳನ್ನು ಮೈ ನೆನಪಿಡುವುದಿಲ್ಲ.

ಗೂಗಲ್‌ನ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಹೆಸರಿಗೊಂದು ಕಂಪನ ಇಡುವ ಸೌಲಭ್ಯವಿಲ್ಲ; ಕೆಲವು ಕಂಪನಿಗಳ ಸ್ವಂತ ಆ್ಯಪ್‌ನಲ್ಲಿ ಇದ್ದೀತು, ‘Edit’ ಒಳಗೆ ಒಮ್ಮೆ ಹುಡುಕಿ ನೋಡಿ. ಬೈಕಿನ ಮೇಲೆ ಯಾವ ಕಂಪನವೂ ತಿಳಿಯುವುದಿಲ್ಲವೆಂಬುದು ಬೇರೆ ಮಾತು.

ಎಲ್ಲ ಮುಗಿದ ಮೇಲೆ ಆ ನಂಬರಿನಿಂದಲೇ ಕರೆ ಮಾಡಿಸಿ ಪರೀಕ್ಷಿಸಿ. ಅಂಗಡಿಯವರ ಮಗಳು ಕರೆ ಮಾಡಿದಾಗ ಹಳೆಯ ರಿಂಗೇ ಬಂತು. ಅವರು ನನ್ನ ಮುಖ ನೋಡಿದರು. ಹುಡುಗಿ ಕರೆದದ್ದು ವಾಟ್ಸ್‌ಆ್ಯಪ್‌ನಿಂದ. ಆಂಡ್ರಾಯ್ಡ್‌ನಲ್ಲಿ ಆ ಕರೆಗಳ ರಿಂಗನ್ನು ಅಲ್ಲಿಯೇ, ಹೆಸರಿನ ಮಾಹಿತಿಯ ಪುಟದ ‘Notifications’ ಒಳಗೆ, ಬೇರೆಯಾಗಿ ಇಡಬೇಕು. ಅದನ್ನೂ ಇಟ್ಟೆವು. ಎರಡನೆಯ ಸಲ ಕಿಸೆಯೊಳಗಿಂದ ಅವಳದೇ ಧ್ವನಿ ಬಂದಾಗ ಅವರು ತಕ್ಕಡಿಯಿಂದ ತಲೆ ಎತ್ತಲಿಲ್ಲ, ‘ಊಟಕ್ಕ ಕರೀಲಕತ್ತಾರ’ ಎಂದರು.